ಕಾವಲುಗಾರ ಏನನ್ನು ನೋಡುತ್ತಿದ್ದ

ಆಫೀಸಿನಲ್ಲಿ ನನಗೊಂದು ಅಡ್ಡಹೆಸರಿದೆ, ಎರಡ್ನಿಮಿಷ. ಯಾರು ಯಾವ ಕೆಲಸ ಹೇಳಿದರೂ ‘ಎರಡು ನಿಮಿಷ, ಮಾಡಿಬಿಡ್ತೀನಿ’ ಅನ್ನುವುದು ನನ್ನ ಚಾಳಿ. ಆ ಎರಡು ನಿಮಿಷ ಒಮ್ಮೊಮ್ಮೆ ಎರಡು ದಿನ ಹಿಡಿಯುತ್ತದೆ, ಒಮ್ಮೊಮ್ಮೆ ಎರಡು ವಾರ. ಹದಿನಾಲ್ಕು ವರ್ಷದಿಂದ ಪ್ರೋಗ್ರಾಂ ಬರೆಯುತ್ತಿದ್ದೇನೆ. ಆದರೂ ಗಡಿಯಾರದ ವಿಷಯದಲ್ಲಿ ನನ್ನ ಬುದ್ಧಿ ಬೆಳೆದಿಲ್ಲ.

ನಮ್ಮದು ಕಂಪ್ಯೂಟರ್ ಆಟ ಮಾಡುವ ಪುಟ್ಟ ಕಂಪನಿ. ಕನ್ನಡಕದ ಅಂಗಡಿಯೊಂದರ ಮಹಡಿಯ ಮೇಲೆ ಎರಡು ಕೋಣೆ, ಅದರಲ್ಲಿ ನಾವು ಮೂರೇ ಜನ. ಚಿತ್ರ ಬರೆಯುವವಳು ಒಬ್ಬಳು, ಆಟದ ಯೋಜನೆಯಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಎಲ್ಲ ನೋಡಿಕೊಳ್ಳುವ ಯಜಮಾನರು ಒಬ್ಬರು, ಮತ್ತೆ ನಾನು. ಎರಡು ವರ್ಷದಿಂದ ಒಂದೇ ಆಟದ ಮೇಲೆ ಕೂತಿದ್ದೆವು. ಅದರ ಕಥೆ ಸರಳ. ಒಬ್ಬ ಕಳ್ಳ ವಸ್ತುಸಂಗ್ರಹಾಲಯದಿಂದ ಒಂದು ಹಳೆಯ ಗಡಿಯಾರ ಕದ್ದಿದ್ದಾನೆ. ಈಗ ಪಶ್ಚಾತ್ತಾಪವಾಗಿ, ಅದನ್ನು ಯಾರಿಗೂ ಕಾಣದ ಹಾಗೆ ವಾಪಸ್ ಇಟ್ಟು ಬರಬೇಕು. ಮೇಲಿನಿಂದ ನೋಡಿದ ಹಾಗೆ ಚಪ್ಪಟೆಯಾಗಿ ಕಾಣುವ ಕೋಣೆಗಳು, ಓಡಾಡುವ ಕಾವಲುಗಾರರು, ಅವರ ಕಣ್ಣು ತಪ್ಪಿಸಿ ನಡೆಯುವ ಕಳ್ಳ. ಕಾವಲುಗಾರ ನೋಡಿಬಿಟ್ಟರೆ ಆಟ ಮುಗಿಯಿತು.

ಈ ಕಾವಲುಗಾರರಿಗೆ ಜೀವ ಕೊಟ್ಟವರು ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ. ಅವರು ನಿಜವಾದ ವಸ್ತುಸಂಗ್ರಹಾಲಯವೊಂದರಲ್ಲಿ ಮೂವತ್ತೊಂದು ವರ್ಷ ಕಾವಲುಗಾರರಾಗಿದ್ದವರು. ನಿವೃತ್ತರಾಗಿ ಆರು ವರ್ಷವಾದರೂ ಯಾರ ಮನೆಗೆ ಹೋದರೂ ಮೊದಲು ಬಾಗಿಲು ಎಷ್ಟಿವೆ ಅಂತ ಎಣಿಸುತ್ತಾರೆ, ಆಮೇಲೆ ಕೂರುತ್ತಾರೆ. ನಾನು ಆಟದ ವಿಷಯ ಹೇಳಿದಾಗ ಅವರು ನಗಲಿಲ್ಲ. ಒಂದು ಹಾಳೆ ತರಿಸಿಕೊಂಡು ಕಾವಲುಗಾರ ಎಲ್ಲಿ ನಿಲ್ಲುತ್ತಾನೆ, ಎಷ್ಟು ಹೊತ್ತಿಗೊಮ್ಮೆ ತಿರುಗುತ್ತಾನೆ, ಯಾವ ಮೂಲೆಯನ್ನು ಯಾಕೆ ಎರಡು ಸಲ ನೋಡುತ್ತಾನೆ ಅಂತೆಲ್ಲ ಬರೆದುಕೊಟ್ಟರು.

ಕಾವಲುಗಾರನ ದನಿಯೂ ಅವರದೇ. ನಮ್ಮ ಮನೆಯ ಬಟ್ಟೆ ಬೀರುವಿನೊಳಗೆ, ಕೋಟುಗಳ ನಡುವೆ ಅವರನ್ನು ನಿಲ್ಲಿಸಿ, ಹೊರಗಿನ ಸದ್ದು ಬರದಂತೆ ಕಂಬಳಿ ಇಳಿಬಿಟ್ಟು, ಇಪ್ಪತ್ತೆರಡು ಮಾತು ರೆಕಾರ್ಡ್ ಮಾಡಿದೆ. ನಾನು ಬರೆದುಕೊಟ್ಟದ್ದು ‘ಏಯ್, ಯಾರೋ ಅಲ್ಲಿ’ ಅಂತ. ಮಾವ ಅದನ್ನು ಓದಿ ಕಾಗದ ವಾಪಸ್ ಕೊಟ್ಟರು. ‘ಯಾರ್ರೀ ಅಲ್ಲಿ’ ಅಂತ ತಿದ್ದಿದ ಮೇಲೆಯೇ ಬೀರುವಿನೊಳಗೆ ಹೋದದ್ದು. ಅವನು ಕಳ್ಳ ಅಲ್ವಾ ಮಾವ ಅಂದರೆ, ಟಿಕೆಟ್ ತಗೊಂಡು ಬಂದವರು ಯಾರು, ತಗೊಳ್ಳದೆ ಬಂದವರು ಯಾರು ಅಂತ ಬೆನ್ನು ನೋಡಿ ಗೊತ್ತಾಗಲ್ಲ, ಅದಕ್ಕೇ ಎಲ್ಲರಿಗೂ ಬಹುವಚನ ಅಂದರು. ಹೀಗೆ ನಮ್ಮ ಆಟದಲ್ಲಿ ಕಳ್ಳನಿಗೂ ಗೌರವ ಸಿಕ್ಕಿತು.

ಊರಿನ ಗ್ರಂಥಾಲಯದ ದೊಡ್ಡ ಹಾಲಿನಲ್ಲಿ ಶನಿವಾರ, ಭಾನುವಾರ ಎರಡು ದಿನ ಆಟಗಳ ಪ್ರದರ್ಶನವಿತ್ತು. ನಮ್ಮಂಥ ಇಪ್ಪತ್ತು ಸಣ್ಣ ಕಂಪನಿಗಳು ಒಂದೊಂದು ಮೇಜು ಹಾಕಿಕೊಂಡು, ಬಂದವರಿಗೆ ಆಟ ಆಡಿಸುವುದು. ಎರಡು ದಿನ ಮುಂಚೆ, ಗುರುವಾರ, ಚಿತ್ರದವಳು ಆಟ ಆಡಿ ನೋಡುತ್ತಾ ಒಂದು ದೂರು ಹೇಳಿದಳು. ಕಳ್ಳ ಕಾವಲುಗಾರನ ಮೈಯೊಳಗಿಂದಲೇ ದಾಟಿ ಹೋಗುತ್ತಾನೆ, ದೆವ್ವದ ಹಾಗೆ ಕಾಣುತ್ತೆ ಅಂತ. ಅವಳು ಹೇಳಿದ್ದು ಸರಿ. ಕಾವಲುಗಾರನಿಗೆ ನಾನು ಕೊಲೈಡರ್ ಹಾಕಿರಲಿಲ್ಲ. ಕೊಲೈಡರ್ ಅಂದರೆ ಆಟದ ವಸ್ತುಗಳ ಸುತ್ತ ಇರುವ ಕಾಣದ ಮೈ. ಗೋಡೆಗೂ ಇರುತ್ತದೆ, ಕಳ್ಳನಿಗೂ ಇರುತ್ತದೆ. ಎರಡು ಮೈ ಒಂದಕ್ಕೊಂದು ತಾಗಿದರೆ ಮುಂದೆ ಹೋಗುವಂತಿಲ್ಲ. ಅದಿಲ್ಲದವನು ಬರೀ ಚಿತ್ರ.

‘ಎರಡು ನಿಮಿಷ,’ ಅಂದೆ. ಅವತ್ತು ನಿಜಕ್ಕೂ ಎರಡೇ ನಿಮಿಷದಲ್ಲಿ ಮುಗಿಯಿತು. ನಾಲ್ಕೂ ಕಾವಲುಗಾರರಿಗೆ ದುಂಡಗಿನ ಮೈ ಬಂತು, ಕಳ್ಳ ಡಿಕ್ಕಿ ಹೊಡೆದು ನಿಂತ. ಜೀವನದಲ್ಲಿ ಮೊದಲ ಸಲ ಹೇಳಿದ ಹೊತ್ತಿಗೆ ಕೆಲಸ ಮುಗಿಸಿದ ಹೆಮ್ಮೆಯಲ್ಲಿ ನಾನು ಎದ್ದು ಚಹಾ ಮಾಡಿಕೊಂಡೆ. ಮೈ ಬಂದ ಮೇಲೆ ಅವರಿಗೆ ಕಣ್ಣು ಕಾಣುತ್ತಿದೆಯೋ ಇಲ್ಲವೋ ಅಂತ ನೋಡಬೇಕು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಬುಧವಾರದವರೆಗೆ ಕಾಣುತ್ತಿತ್ತಲ್ಲ.

ಶನಿವಾರ ಹನ್ನೊಂದಕ್ಕೆ ಹಾಲಿನ ಬಾಗಿಲು ತೆರೆಯಿತು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಒಬ್ಬರೇ ಬಂದಿರಲಿಲ್ಲ. ಅವರು ಕೆಲಸದಲ್ಲಿದ್ದಾಗ ಅವರ ಮೇಲಿದ್ದ ಸೂಪರಿಂಟೆಂಡೆಂಟರನ್ನು ಜೊತೆಗೆ ಕರೆತಂದಿದ್ದರು. ಎಂಬತ್ತು ದಾಟಿದ, ಕಿವಿಗೆ ಯಂತ್ರ ಹಾಕಿಕೊಂಡ, ಕೋಲಿನಂತೆ ನೆಟ್ಟಗಿರುವ ಹಿರಿಯರು. ನನ್ನ ದನಿ ಕೇಳಿಸ್ತೀನಿ ಬನ್ನಿ ಸಾರ್ ಅಂತ ಮಾವ ಒಂದು ವಾರದಿಂದ ಅವರಿಗೆ ಫೋನ್ ಮಾಡುತ್ತಿದ್ದರಂತೆ. ಆ ಹಿರಿಯರು ನಮ್ಮ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತು, ಕಿವಿಯ ಯಂತ್ರವನ್ನು ಬೆರಳಲ್ಲಿ ತಿರುಗಿಸಿ ಸದ್ದು ಜಾಸ್ತಿ ಮಾಡಿಕೊಂಡರು.

ಮೊದಲು ಆಡಲು ಬಂದವಳು ಒಬ್ಬ ಕಾಲೇಜು ಹುಡುಗಿ. ಮೊದಲ ಕೋಣೆಯಲ್ಲಿ ಹುಷಾರಾಗಿ ಗೋಡೆ ಹಿಡಿದು ನಡೆದಳು. ಎರಡನೇ ಕೋಣೆಯಲ್ಲಿ ಕೈ ತಪ್ಪಿ ಕಾವಲುಗಾರನ ಎದುರಿಗೇ ಬಂದುಬಿಟ್ಟಳು. ಅವನು ಸುಮ್ಮನಿದ್ದ. ಅವಳು ಇನ್ನೊಂದು ಹೆಜ್ಜೆ ಹೋದಳು. ಅವನು ತನ್ನ ಪಾಡಿಗೆ ತಿರುಗಿ, ಮಾವ ಬರೆದುಕೊಟ್ಟ ಮೂಲೆಯನ್ನು ಎರಡು ಸಲ ನೋಡಿ, ಮುಂದೆ ಹೋದ. ಆಮೇಲೆ ಹುಡುಗಿಗೆ ಧೈರ್ಯ ಬಂತು. ಮೂರನೇ ಕೋಣೆಯಲ್ಲಿ ಕಾವಲುಗಾರನ ಸುತ್ತ ಪ್ರದಕ್ಷಿಣೆ ಹಾಕಿದಳು. ನಾಲ್ಕನೆಯವನಿಗೆ ಡಿಕ್ಕಿ ಹೊಡೆದು ಹೊಡೆದು ನೋಡಿದಳು. ಹಿಂದೆ ನಿಂತವರು ನಗತೊಡಗಿದರು. ಗಡಿಯಾರ ಇಟ್ಟಳು, ಗೆದ್ದಳು. ಇಪ್ಪತ್ತೆರಡು ಮಾತಿನಲ್ಲಿ ಒಂದೂ ಕೇಳಿಸಲಿಲ್ಲ.

ಯಜಮಾನರು ನನ್ನ ಮುಖ ನೋಡಿದರು. ನಾನು ಮೊದಲ ಹಂತ ಸುಲಭವಾಗಿರಲಿ ಅಂತ ಹಾಗೆ ಇಟ್ಟಿದ್ದೀನಿ ಅಂದೆ. ಆಟದಲ್ಲಿ ಇದ್ದದ್ದೇ ಒಂದು ಹಂತ ಅಂತ ಅವರಿಗೂ ಗೊತ್ತು.

ಆಮೇಲೆ ಬಂದ ಹತ್ತು ಹನ್ನೆರಡು ಜನರದೂ ಅದೇ ಕಥೆ. ಸುದ್ದಿ ಹಾಲಿನಲ್ಲೆಲ್ಲ ಹಬ್ಬಿ, ಕುರುಡು ಕಾವಲುಗಾರರ ಆಟ ಎಲ್ಲಿ ಅಂತ ಕೇಳಿಕೊಂಡು ಬರುವವರು ಶುರುವಾದರು. ನಮ್ಮ ಮೇಜಿನ ಮುಂದೆ ಎಲ್ಲರಿಗಿಂತ ಉದ್ದದ ಸಾಲು. ನಾನು ಬೆನ್ನು ತಿರುಗಿಸಿ ಲ್ಯಾಪ್‌ಟಾಪಿನಲ್ಲಿ ಕೈಯಾಡಿಸಿದೆ. ಕಾವಲುಗಾರನ ನೋಟದ ಅಗಲ ಅರವತ್ತು ಡಿಗ್ರಿ ಇತ್ತು, ನೂರಿಪ್ಪತ್ತು ಮಾಡಿದೆ. ಆಗಲಿಲ್ಲ. ಮುನ್ನೂರ ಅರವತ್ತು ಮಾಡಿದೆ, ಅಂದರೆ ಅವನಿಗೆ ಬೆನ್ನಲ್ಲೂ ಕಣ್ಣು. ಆಗಲಿಲ್ಲ. ನೋಟದ ದೂರವನ್ನು ಹತ್ತು ಪಟ್ಟು ಮಾಡಿದೆ. ಆ ಲೆಕ್ಕದಲ್ಲಿ ಅವನಿಗೆ ಕಟ್ಟಡದಾಚೆಯ ಬೀದಿ ಕಾಣಬೇಕಿತ್ತು. ಮೂಗಿನ ಮುಂದಿನ ಕಳ್ಳ ಮಾತ್ರ ಕಾಣಲಿಲ್ಲ.

ಅಷ್ಟರಲ್ಲಿ ಮಾವ ತಾವೇ ಆಡಲು ಕೂತರು. ಅವರು ಕಳ್ಳನನ್ನು ನೇರ ನಡೆಸಿಕೊಂಡು ಹೋಗಿ ಎರಡನೇ ಕೋಣೆಯ ಕಾವಲುಗಾರನ ಎದುರು ನಿಲ್ಲಿಸಿದರು. ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕಾದರು. ಕಾವಲುಗಾರ ತಿರುಗಿ ಹೋಗಿ, ಸುತ್ತು ಮುಗಿಸಿ ಮತ್ತೆ ಬಂದು ಎದುರಿಗೆ ನಿಂತ. ಮಾವ ಆಗಲೂ ಕಾದರು. ಹಿಂದಿನ ಸಾಲಿನವರು ಕೂಡ ನಗುವುದು ನಿಲ್ಲಿಸಿದರು.

ಹಿರಿಯರು ಕುರ್ಚಿಯಿಂದ ಮುಂದೆ ಬಗ್ಗಿ ಕೇಳಿದರು, ‘ಇವನು ನೀನೇನಯ್ಯಾ?’

ಮಾವ ತಿರುಗಿ ನನ್ನ ಕಡೆ ನೋಡಿದರು. ಉತ್ತರ ಕೊಡಬೇಕಾದವಳು ನಾನು. ಪ್ರೋಗ್ರಾಮಿನಲ್ಲಿ ಏನೋ ತಪ್ಪಾಗಿದೆ, ತಪ್ಪು ನನ್ನದು ಅಂತ ಎರಡು ಮಾತು ಹೇಳಿದ್ದರೆ ಮುಗಿದಿತ್ತು. ಸುತ್ತ ಅಷ್ಟು ಜನ, ಪಕ್ಕದಲ್ಲಿ ಯಜಮಾನರು. ನನ್ನ ನಾಲಿಗೆ ತನ್ನಷ್ಟಕ್ಕೆ ಹೊರಳಿತು.

‘ಇದೆಲ್ಲ ಮಾವನ ಅನುಭವದ ಪ್ರಕಾರವೇ ಮಾಡಿರೋದು ಸಾರ್,’ ಅಂದೆ. ‘ನಿಜವಾದ ಕಾವಲುಗಾರರು ಎಲ್ಲವನ್ನೂ ನೋಡಲ್ವಲ್ಲ.’

ಮಾತು ಬಾಯಿಂದ ಬಿದ್ದ ಮೇಲೆ ಅದು ಎಷ್ಟು ಕೆಟ್ಟದಾಗಿದೆ ಅಂತ ನನಗೇ ಕೇಳಿಸಿತು. ಹಿರಿಯರು ಕಿವಿಯ ಯಂತ್ರವನ್ನು ತಿರುಗಿಸಿ ಸದ್ದು ಕಡಿಮೆ ಮಾಡಿಕೊಂಡರು. ಮಾವ ನಿಧಾನವಾಗಿ ಎದ್ದು, ಕುರ್ಚಿಯನ್ನು ಮೇಜಿನೊಳಕ್ಕೆ ಸರಿಯಾಗಿ ತಳ್ಳಿ, ಸಾರ್ ಬನ್ನಿ ಹೊರಡೋಣ, ಬಸ್ಸಿಗೆ ಹೊತ್ತಾಯಿತು ಅಂದರು. ಅವರ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು.

ನಾಲ್ಕು ಗಂಟೆಗೆ ಹಾಲಿನ ಬಾಗಿಲು ಮುಚ್ಚಿತು. ಮನೆಗೆ ಬಂದಾಗ ಮಾವ ಅಡುಗೆಮನೆಯ ಮೇಜಿನ ಹತ್ತಿರ ಕೂತು ಪೇಪರಿನ ಪದಬಂಧ ಮಾಡುತ್ತಿದ್ದರು. ನಾಳೆ ಬರ್ತೀರಾ ಅಂತ ಕೇಳಿದರೆ ಮೊಣಕಾಲು ನೋವು ಅಂದರು. ಅವರ ಮೊಣಕಾಲಿಗೆ ಇದುವರೆಗೆ ಏನೂ ಆಗಿರಲಿಲ್ಲ. ನನ್ನ ಗಂಡ ಬಾಗಿಲಲ್ಲಿ ನಿಂತು ನನಗೆ ಕಣ್ಸನ್ನೆ ಮಾಡಿ, ಸಾಮಾನು ತರುವ ನೆಪ ಹೇಳಿ ಹೊರಗೆ ಹೋದ. ಅಪ್ಪ ಹೆಂಡತಿ ನಡುವೆ ಸಿಕ್ಕಿಕೊಳ್ಳಬಾರದು ಅನ್ನುವಷ್ಟು ಬುದ್ಧಿ ಅವನಿಗಿದೆ.

ನಾನು ಎದುರಿಗೆ ಕೂತು ಲ್ಯಾಪ್‌ಟಾಪ್ ತೆಗೆದೆ. ಕ್ಷಮೆ ಕೇಳಬೇಕೆಂದೇ ಕೂತದ್ದು. ಬಾಯಿಗೆ ಬಂದದ್ದು ಪ್ರೋಗ್ರಾಮಿನ ವಿಷಯ. ಹೇಡಿಗಳಿಗೆ ಯಾವಾಗಲೂ ಒಂದು ಕೆಲಸ ಇರುತ್ತದೆ. ಕಾವಲುಗಾರ ನೋಡುವುದು ಹೇಗೆ ಅಂತ ಅವರಿಗೆ ವಿವರಿಸಿದೆ. ಆಟದಲ್ಲಿ ಕಣ್ಣು ಅಂತ ಏನೂ ಇಲ್ಲ. ಪ್ರತಿ ಕ್ಷಣವೂ ಕಾವಲುಗಾರನಿಂದ ಕಳ್ಳನ ಕಡೆಗೆ ಒಂದು ಕಾಣದ ಕಿರಣ ಬಿಡುತ್ತೇವೆ, ಅದಕ್ಕೆ ರೇಕಾಸ್ಟ್ ಅಂತಾರೆ. ಆ ಕಿರಣ ಮೊದಲು ಯಾವ ಮೈಗೆ ತಾಗಿತು ಅಂತ ಎಂಜಿನ್, ಅಂದರೆ ಆಟವನ್ನು ನಡೆಸುವ ಸಾಫ್ಟ್‌ವೇರ್, ಹೇಳುತ್ತದೆ. ಕಳ್ಳನಿಗೇ ತಾಗಿದರೆ ಕಂಡ ಅಂತ ಅರ್ಥ. ಬೇರೆ ಏನಕ್ಕಾದರೂ ತಾಗಿದರೆ, ನಡುವೆ ಅಡ್ಡ ಇದೆ, ಕಾಣಲಿಲ್ಲ ಅಂತ ಅರ್ಥ. ಇಷ್ಟು ಹೇಳಿ, ಯಾಕೆ ಕಾಣಲಿಲ್ಲ ಅನ್ನೋದೇ ಗೊತ್ತಾಗ್ತಿಲ್ಲ ಮಾವ, ಅಗಲ ಜಾಸ್ತಿ ಮಾಡಿದೆ, ದೂರ ಜಾಸ್ತಿ ಮಾಡಿದೆ ಅಂದೆ.

ಮಾವ ಪದಬಂಧದಿಂದ ತಲೆ ಎತ್ತದೆಯೇ ಒಂದು ಸಂಗತಿ ಹೇಳಿದರು. ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ, ಅವರ ಕೋಣೆಯಲ್ಲೇ ಯಾರೋ ಒಂದು ವಿಗ್ರಹದ ಮೇಲೆ ಪೆನ್ನಿನಿಂದ ಹೆಸರು ಗೀಚಿ ಹೋಗಿದ್ದರಂತೆ. ಕರೆಸಿ ವಿಚಾರಿಸಿದವರು ಇದೇ ಸೂಪರಿಂಟೆಂಡೆಂಟರು.

‘ಯಾಕೆ ನೋಡಲಿಲ್ಲ ಅಂತ ಅವರು ಕೇಳಲಿಲ್ಲ ಕಣಮ್ಮ,’ ಅಂದರು ಮಾವ. ‘ಆಗ ಏನನ್ನ ನೋಡ್ತಿದ್ದೆ ಅಂತ ಕೇಳಿದರು. ಕಿಟಕಿ ಹೊರಗೆ ಪೈಂಟ್ ಮಾಡೋರನ್ನ ನೋಡ್ತಿದ್ದೆ ಅಂದೆ. ಕಿಟಕಿಗೆ ಪರದೆ ಹಾಕಿಸಿದರು, ಅಷ್ಟೇ. ಇವನು ಏನನ್ನ ನೋಡ್ತಿದ್ದಾನೆ, ಅದನ್ನ ಕೇಳಿದೀಯಾ?’

ಕೇಳಿರಲಿಲ್ಲ. ಹದಿನಾಲ್ಕು ವರ್ಷದ ಅನುಭವದ ನಾನು ಬೆಳಗಿನಿಂದ ಒಂದೇ ಪ್ರಶ್ನೆಯನ್ನು ಗೋಡೆಗೆ ಚಚ್ಚುತ್ತಿದ್ದೆ. ಕಿರಣ ಕಳ್ಳನಿಗೆ ತಾಗಿತಾ? ಇಲ್ಲ. ತಾಗಿತಾ? ಇಲ್ಲ. ಹಾಗಾದರೆ ಯಾವುದಕ್ಕೆ ತಾಗಿತು ಅಂತ ಕೇಳಲು ಒಂದು ಸಾಲು ಸಾಕು. ಆ ಸಾಲು ಬರೆದೆ, ಆಟ ನಡೆಸಿದೆ, ಕಳ್ಳನನ್ನು ಎರಡನೇ ಕೋಣೆಗೆ ಕಳಿಸಿದೆ. ಕಿರಣ ತಾಗಿದ ವಸ್ತುವಿನ ಹೆಸರು ಲ್ಯಾಪ್‌ಟಾಪಿನ ಪರದೆಯ ಕೆಳಗೆ ಸಾಲುಸಾಲಾಗಿ ಉದುರತೊಡಗಿತು.

ಕಾವಲುಗಾರ ಎರಡು. ಕಾವಲುಗಾರ ಎರಡು. ಕಾವಲುಗಾರ ಎರಡು.

ನಾನು ಓದಿ ಹೇಳಿದೆ. ಅವನ ಮುಂದೆ ಇನ್ನೊಬ್ಬ ಕಾವಲುಗಾರ ನಿಂತಿದ್ದಾನಾ ಅಂತ ಮಾವ ಕೇಳಿದರು. ಇಲ್ಲ, ಎರಡನೇ ಕಾವಲುಗಾರ ಅವನೇ. ಮೂರನೇ ಕೋಣೆಗೆ ಹೋದೆ, ಕಾವಲುಗಾರ ಮೂರು ಅಂತ ಬಂತು. ನಾಲ್ಕೂ ಜನ ಬೆಳಗಿನಿಂದ ಸಂಜೆಯವರೆಗೆ ಕಣ್ಣು ಮಿಟುಕಿಸದೆ ತಮ್ಮ ತಮ್ಮ ಮೈಯನ್ನೇ ನೋಡಿಕೊಂಡು ನಿಂತಿದ್ದರು.

ಗುರುವಾರ ನಾನು ಹಾಕಿದ ಕೊಲೈಡರ್. ಕಿರಣ ಹೊರಡುವುದು ಕಾವಲುಗಾರನ ನಟ್ಟನಡುವಿನಿಂದ. ನಮ್ಮ ಚಪ್ಪಟೆ ಆಟದ ಎಂಜಿನ್ನಿನ ನಿಯಮ ಏನೆಂದರೆ, ಕಿರಣ ಯಾವುದಾದರೂ ಮೈಯ ಒಳಗಿನಿಂದಲೇ ಹೊರಟರೆ ಮೊದಲು ತಾಗಿದ್ದು ಆ ಮೈಗೇ ಅಂತ ಲೆಕ್ಕ. ಹೊರಟ ಜಾಗದಲ್ಲೇ ಪ್ರಯಾಣ ಮುಗಿಯಿತು. ಬುಧವಾರದವರೆಗೆ ಅವನಿಗೆ ಮೈ ಇರಲಿಲ್ಲ, ಅದಕ್ಕೇ ಕಾಣುತ್ತಿತ್ತು. ನೋಟದ ದೂರವನ್ನು ನಾನು ಹತ್ತು ಪಟ್ಟಲ್ಲ, ಹತ್ತು ಸಾವಿರ ಪಟ್ಟು ಮಾಡಿದ್ದರೂ ಅದು ಅವನ ಹೊಟ್ಟೆಯೊಳಗೇ ಇರುತ್ತಿತ್ತು.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ನನಗೆ ಬೇರೆ ದಾರಿ ಉಳಿಯಲಿಲ್ಲ. ಗುರುವಾರ ಆ ಮೈ ಹಾಕಿದವಳು ನಾನು, ಹಾಕಿ ಪರೀಕ್ಷೆ ಮಾಡದವಳು ನಾನು, ಎಲ್ಲರೆದುರು ಅದನ್ನು ನಿಮ್ಮ ತಲೆಗೆ ಕಟ್ಟಿದವಳೂ ನಾನು ಅಂದೆ.

‘ತಪ್ಪಾಯ್ತು ಮಾವ. ನನಗೆ ನಾಚಿಕೆ ಆಗ್ತಿದೆ.’

ಮಾವ ಪೆನ್ನಿನ ಮುಚ್ಚಳ ಹಾಕಿದರು. ‘ನನಗೆ ಹೇಳಿದ್ದು ಸರಿ. ಸಾರ್‌ಗೂ ಹೇಳಬೇಕು.’

ಹೇಳ್ತೀನಿ ಅಂದೆ. ಹೇಳುವುದಕ್ಕೆ ಮುಂಚೆ ಇದನ್ನು ಸರಿ ಮಾಡು ಅನ್ನುತ್ತಾ ಅವರು ತಮ್ಮ ಕುರ್ಚಿಯನ್ನು ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದರು. ಮೊಣಕಾಲು ಅದಕ್ಕೆ ಅಡ್ಡಿಮಾಡಲಿಲ್ಲ.

ನನಗೆ ಮೊದಲು ಹೊಳೆದದ್ದು ಸೋಮಾರಿ ಉಪಾಯ. ಕಿರಣವನ್ನು ಕಾವಲುಗಾರನ ಮೈಯಿಂದ ಒಂದು ಗೇಣು ಹೊರಗಿನಿಂದ ಹೊರಡಿಸಿದರಾಯಿತು. ಮಾಡಿದೆ, ಕೂಡಲೇ ಕಳ್ಳ ಸಿಕ್ಕಿಬಿದ್ದ. ಮಾವ ಲ್ಯಾಪ್‌ಟಾಪ್ ತಮ್ಮ ಕಡೆ ಎಳೆದುಕೊಂಡು, ಕಾವಲುಗಾರ ತೆಳು ಮರದ ಅಡ್ಡಗೋಡೆಗೆ ಅಂಟಿಕೊಂಡು ನಿಲ್ಲುವ ಹೊತ್ತು ಕಾದು, ಕಳ್ಳನನ್ನು ಗೋಡೆಯ ಆಚೆ ನಿಲ್ಲಿಸಿದರು. ಕಾವಲುಗಾರ ಆಚೆಗಿದ್ದವನನ್ನೂ ಹಿಡಿದ. ಕಿರಣ ಹೊರಡುವ ಜಾಗವೇ ಗೋಡೆ ದಾಟಿ ಹೋಗಿತ್ತು. ಗೋಡೆ ಆಚೆ ಇರೋದು ನನಗಂತೂ ಯಾವತ್ತೂ ಕಂಡಿಲ್ಲ ಅಂದರು ಮಾವ. ಉಪಾಯ ಅಳಿಸಿದೆ.

ಸರಿಯಾದ ದಾರಿ ನನಗೆ ಗೊತ್ತಿಲ್ಲದ್ದೇನಲ್ಲ, ಮುಂಚೆ ಇದ್ದ ಕಂಪನಿಯಲ್ಲಿ ಹೊಸಬರಿಗೆ ನಾನೇ ಪಾಠ ಮಾಡಿದ್ದೇನೆ. ಆಟದ ಪ್ರತಿ ವಸ್ತುವನ್ನೂ ಒಂದಲ್ಲ ಒಂದು ಗುಂಪಿಗೆ ಸೇರಿಸಬಹುದು, ಆ ಗುಂಪಿಗೆ ಲೇಯರ್ ಅಂತ ಹೆಸರು. ಕಿರಣ ಬಿಡುವಾಗ ಜೊತೆಗೆ ಒಂದು ಲೇಯರ್ ಮಾಸ್ಕ್ ಕೊಟ್ಟರೆ, ಅಂದರೆ ಯಾವ ಯಾವ ಗುಂಪನ್ನು ಲೆಕ್ಕಕ್ಕೆ ತಗೋಬೇಕು ಅನ್ನುವ ಪಟ್ಟಿ ಕೊಟ್ಟರೆ, ಪಟ್ಟಿಯಲ್ಲಿ ಇಲ್ಲದ್ದರ ಮೂಲಕ ಕಿರಣ ಏನೂ ಇಲ್ಲದ ಹಾಗೆ ಹಾದುಹೋಗುತ್ತದೆ. ಕಾವಲುಗಾರರನ್ನು ಒಂದು ಬೇರೆ ಲೇಯರಿಗೆ ಹಾಕಿದೆ, ಕಳ್ಳನನ್ನು ಇನ್ನೊಂದಕ್ಕೆ. ಕಳ್ಳನ ಲೇಯರ್ ಒಂದನ್ನೇ ಮಾಸ್ಕಿನಲ್ಲಿ ಕೊಟ್ಟು ಆಟ ನಡೆಸಿದೆ.

ಮತ್ತೆ ಕಾವಲುಗಾರ ಎರಡು, ಕಾವಲುಗಾರ ಎರಡು.

ಕಾಲು ಗಂಟೆ ತಲೆ ಕೆರೆದುಕೊಂಡ ಮೇಲೆ ಕಂಡಿತು. ಆ ಸಾಲಿನಲ್ಲಿ ಕೊಡಬೇಕಾದ್ದು ಹೊರಡುವ ಜಾಗ, ದಿಕ್ಕು, ದೂರ, ಆಮೇಲೆ ಮಾಸ್ಕ್. ನಾನು ದೂರ ಬರೆಯುವುದನ್ನೇ ಬಿಟ್ಟು ಅದರ ಜಾಗದಲ್ಲಿ ಮಾಸ್ಕ್ ಬರೆದಿದ್ದೆ. ಎಂಜಿನ್ನಿನ ಮಟ್ಟಿಗೆ ಮಾಸ್ಕ್ ಕೂಡ ಒಂದು ಸಂಖ್ಯೆಯೇ, ನನ್ನದರ ಬೆಲೆ ಐನೂರ ಹನ್ನೆರಡು. ಅದು ತಕರಾರಿಲ್ಲದೆ ಐನೂರ ಹನ್ನೆರಡನ್ನು ದೂರ ಅಂತ ತಗೊಂಡು, ಮಾಸ್ಕ್ ಕೊಟ್ಟಿಲ್ಲ ಅಂದುಕೊಂಡು, ಎಂದಿನಂತೆ ಎಲ್ಲಕ್ಕೂ ತಾಗಿಕೊಂಡಿತ್ತು. ಹೊಸಬರಿಗೆ ಪಾಠ ಮಾಡುವಾಗ ಇದೊಂದು ತಪ್ಪು ಮಾಡಬೇಡಿ ಅಂತ ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದವಳು ನಾನೇ. ದೂರವನ್ನು ಅದರ ಜಾಗಕ್ಕೆ, ಮಾಸ್ಕನ್ನು ಅದರ ಜಾಗಕ್ಕೆ ಹಾಕಿದೆ.

ಈಗ ಕಾವಲುಗಾರನಿಗೆ ಕಂಡಿತು. ಎಷ್ಟು ಕಂಡಿತು ಅಂದರೆ ಕಳ್ಳ ಮೊದಲ ಬಾಗಿಲು ದಾಟುವ ಮೊದಲೇ, ಮೂರು ಗೋಡೆ ಆಚೆಯಿಂದ ನಾಲ್ಕೂ ಜನ ಒಟ್ಟಿಗೆ ಯಾರ್ರೀ ಅಲ್ಲಿ ಅಂದರು. ಮಾವ ತಮ್ಮದೇ ನಾಲ್ಕು ದನಿಗೆ ಬೆಚ್ಚಿಬಿದ್ದರು. ತಪ್ಪು ಏನೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಕಳ್ಳನ ಲೇಯರ್ ಮಾತ್ರ ಕೊಟ್ಟರೆ ಗೋಡೆಯೂ ಲೆಕ್ಕಕ್ಕಿಲ್ಲ, ಕಿರಣ ಗೋಡೆಯನ್ನೂ ದಾಟುತ್ತದೆ. ಕಾಣಬೇಕಾದ್ದಷ್ಟೇ ಅಲ್ಲ, ಕಣ್ಣಿಗೆ ಅಡ್ಡ ಬರಬೇಕಾದ್ದೂ ಮಾಸ್ಕಿನಲ್ಲಿರಬೇಕು.

ಹಾಗಾದರೆ ಏನೇನು ಅಡ್ಡ ಬರುತ್ತೆ ಅಂತ ಮಾವನನ್ನೇ ಕೇಳಿದೆ. ಅವರು ಪದಬಂಧದ ಅಂಚಿನಲ್ಲಿ ಬರೆಯತೊಡಗಿದರು. ಗೋಡೆ, ಕಂಬ, ಮುಚ್ಚಿದ ಬಾಗಿಲು, ದಪ್ಪ ಪರದೆ. ಇವು ನಾಲ್ಕು ಅಡ್ಡ. ವಸ್ತುಗಳನ್ನಿಟ್ಟ ಗಾಜಿನ ಪೆಟ್ಟಿಗೆ ಅಡ್ಡ ಅಲ್ಲ, ಗಾಜಿನಾಚೆ ನಿಂತವರು ಚೆನ್ನಾಗಿ ಕಾಣುತ್ತಾರೆ. ಜನ ಹತ್ತಿರ ಹೋಗದ ಹಾಗೆ ಕಟ್ಟುವ ಹಗ್ಗವೂ ಅಲ್ಲ. ಇದುವರೆಗೆ ನಾನು ಗಾಜಿನ ಪೆಟ್ಟಿಗೆಯನ್ನೂ ಗೋಡೆಯ ಜೊತೆಗೇ ಸೇರಿಸಿಬಿಟ್ಟಿದ್ದೆ. ಎರಡು ವರ್ಷದಿಂದ ನಮ್ಮ ಕಳ್ಳ ಗಾಜಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದ, ನಮಗ್ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

‘ಇನ್ನೊಬ್ಬ ಕಾವಲುಗಾರ ನಡುವೆ ಬಂದರೆ?’ ಅಂತ ಕೇಳಿದೆ. ಮಾಸ್ಕಿನಲ್ಲಿ ಕಾವಲುಗಾರರ ಲೇಯರ್ ಇಲ್ಲ ಅಂದರೆ ಒಬ್ಬನ ಮೂಲಕ ಇನ್ನೊಬ್ಬನಿಗೆ ಕಾಣುತ್ತದೆ, ಅದು ನನಗೆ ಸ್ವಲ್ಪ ಚುಚ್ಚುತ್ತಿತ್ತು.

ಮಾವ ಯೋಚನೆ ಮಾಡಿದರು. ‘ಅದನ್ನ ಬಿಡು. ನಮ್ಮವನೇ ಅಡ್ಡ ಬಂದರೆ ನಾವು ಸ್ವಲ್ಪ ಬಗ್ಗಿ ನೋಡ್ತೀವಿ.’

ಅಲ್ಲಿಗೆ ಪಟ್ಟಿ ಮುಗಿಯಿತು. ಅಡ್ಡ ಬರುವ ನಾಲ್ಕನ್ನೂ ಒಂದು ಲೇಯರಿಗೆ ಸೇರಿಸಿ, ಅದನ್ನೂ ಕಳ್ಳನ ಲೇಯರನ್ನೂ ಮಾಸ್ಕಿನಲ್ಲಿ ಕೊಟ್ಟೆ. ಗಾಜು, ಹಗ್ಗ, ಕಾವಲುಗಾರರು ಹೊರಗೆ. ಬೆಳಿಗ್ಗೆ ಕೆಡಿಸಿದ್ದ ಅಗಲ, ದೂರ ಎರಡನ್ನೂ ಮೊದಲಿನಂತೆ ಇಟ್ಟೆ. ಕಾವಲುಗಾರರ ಮೈ ಹಾಗೇ ಇತ್ತು, ಡಿಕ್ಕಿ ಹೊಡೆದರೆ ಕಳ್ಳ ನಿಲ್ಲುತ್ತಿದ್ದ, ನೋಟ ಮಾತ್ರ ಆ ಮೈಯನ್ನು ಲೆಕ್ಕಿಸದೆ ಹೊರಗೆ ಬರುತ್ತಿತ್ತು. ಗುರುವಾರ ಮಾಡಬೇಕಿದ್ದ ಪರೀಕ್ಷೆಯನ್ನು ಈಗ ಮಾಡಿದೆವು. ಪ್ರತಿ ಕೋಣೆಯಲ್ಲೂ ಕಂಬದ ಹಿಂದೆ, ಗಾಜಿನ ಹಿಂದೆ, ಗೋಡೆಯ ಆಚೆ, ಮೂಗಿನ ಮುಂದೆ ಕಳ್ಳನನ್ನು ನಿಲ್ಲಿಸಿ ನೋಡಿದೆವು. ಮಾವ ಒಂದೊಂದಕ್ಕೂ ಗುರುತು ಹಾಕಿಕೊಂಡರು. ನನ್ನ ಗಂಡ ಸಾಮಾನು ತಂದು, ಅಡುಗೆ ಮಾಡಿ, ಊಟಕ್ಕೆ ಎಬ್ಬಿಸಿದಾಗ ಪದಬಂಧದ ಹಾಳೆಯಲ್ಲಿ ಖಾಲಿ ಜಾಗವೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹಿರಿಯರಿಗೆ ಫೋನ್ ಮಾಡಿದೆ. ಯಂತ್ರ ಹಾಕಿಕೊಂಡು ಬಂದು ಕೂರುವವರೆಗೆ ಕಾಯಿಸಿ, ಹೇಳಮ್ಮ ಅಂದರು. ನಿನ್ನೆ ನಾನು ಹೇಳಿದ್ದು ಸುಳ್ಳು, ತಪ್ಪು ಪೂರ್ತಿ ನನ್ನದು, ಮಾವ ಬರೆದುಕೊಟ್ಟಿದ್ದೆಲ್ಲ ಸರಿಯಾಗಿತ್ತು ಅಂತ ಹೇಳಿದೆ. ಅವರು, ಅದು ನನಗೆ ನಿನ್ನೆಯೇ ಗೊತ್ತಾಯಿತು, ನನ್ನ ಕೈಕೆಳಗಿನವರು ಹಾಗೆ ನಿಂತಿರಲಿಲ್ಲ ಅಂದರು. ನಾನು ರಾತ್ರಿಯಿಡೀ ಜೋಡಿಸಿಟ್ಟುಕೊಂಡಿದ್ದ ಕ್ಷಮಾಪಣೆಯ ಉಳಿದ ಭಾಗ ಉಪಯೋಗಕ್ಕೆ ಬರಲಿಲ್ಲ. ಹನ್ನೆರಡಕ್ಕೆ ಬರ್ತೀನಿ ಅಂತ ಫೋನಿಟ್ಟರು.

ಯಜಮಾನರಿಗೂ ಚಿತ್ರದವಳಿಗೂ ಹಾಲಿನಲ್ಲಿ ಹೇಳಿದೆ. ಯಜಮಾನರು ಬೈಯಲಿಲ್ಲ. ಇನ್ನು ಮೇಲೆ ಯಾವ ಬದಲಾವಣೆ ಮಾಡಿದರೂ ಕಾವಲುಗಾರನ ಎದುರು ಕಳ್ಳನನ್ನು ನಿಲ್ಲಿಸಿ ನೋಡುವ ಪರೀಕ್ಷೆ ತಾನಾಗೇ ನಡೆಯುವ ಹಾಗೆ ಬರೆದಿಡು ಅಂದರು. ಬೈದಿದ್ದರೆ ಕೆಲಸ ಕಡಿಮೆ ಇರುತ್ತಿತ್ತು. ಚಿತ್ರದವಳು ಮಾತ್ರ, ನಿನ್ನೆ ನಮ್ಮ ಮುಂದೆ ಎಲ್ಲರಿಗಿಂತ ಉದ್ದದ ಸಾಲಿತ್ತಲ್ಲಾ ಅಂತ ಬೇಜಾರು ಮಾಡಿಕೊಂಡಳು. ಅವಳ ಬೇಜಾರು ನಿಜವಾಯಿತು. ಕುರುಡು ಕಾವಲುಗಾರರನ್ನು ನೋಡಲು ಬಂದವರು, ಎರಡೇ ಹೆಜ್ಜೆಗೆ ಸಿಕ್ಕಿಬಿದ್ದು, ಇದು ಬೇರೆ ಆಟ ಅಂತ ಎದ್ದು ಹೋದರು.

ಹಿರಿಯರು ಬಂದಾಗ ಸಾಲಿನಲ್ಲಿ ಇಬ್ಬರೇ ಇದ್ದರು. ಮಾವ ಇಸ್ತ್ರಿ ಮಾಡಿದ ಇನ್ನೊಂದು ಅಂಗಿಯಲ್ಲಿ ಮೇಜಿನ ಪಕ್ಕ ಕೈ ಹಿಂದೆ ಕಟ್ಟಿ ನಿಂತಿದ್ದರು. ಹಿರಿಯರು ಆಡಲು ಕೂತು, ಯಾವ ಗುಂಡಿ ಏನು ಅಂತ ಎರಡು ಸಲ ಕೇಳಿ ತಿಳಿದುಕೊಂಡು, ಕಳ್ಳನನ್ನು ಸೀದಾ ಗಾಜಿನ ಪೆಟ್ಟಿಗೆಯೊಂದರ ಹಿಂದೆ ನಿಲ್ಲಿಸಿದರು. ಕಾವಲುಗಾರ ತಿರುಗಿದ.

‘ಯಾರ್ರೀ ಅಲ್ಲಿ? ದಯವಿಟ್ಟು ಅಲ್ಲೇ ನಿಂತ್ಕೊಳಿ.’

ಬೀರುವಿನೊಳಗೆ ರೆಕಾರ್ಡ್ ಮಾಡಿದ್ದಕ್ಕೆ ದನಿ ಸ್ವಲ್ಪ ಮಂಕಾಗಿತ್ತು, ಆದರೆ ಯಾರದೆಂದು ಅನುಮಾನವಿರಲಿಲ್ಲ. ಹಿರಿಯರು ಕಿವಿಯ ಯಂತ್ರ ಮುಟ್ಟಿಕೊಂಡು, ಪರದೆಯಿಂದ ಕಣ್ಣು ತೆಗೆಯದೆ, ಹೌದು, ಇವನೇ ಅಂದರು. ಮಾವ ಅಂಗಿಯ ಕಾಲರನ್ನು ಒಂದು ಸಲ ಸರಿಮಾಡಿಕೊಂಡರು. ಅದು ಸರಿಯಾಗಿಯೇ ಇತ್ತು.

ಹಿರಿಯರು ಮತ್ತೆ ಆಡಿದರು, ಮತ್ತೆ ಸಿಕ್ಕಿಬಿದ್ದರು. ಮೂರನೇ ಸಲ ಕಂಬದ ಮರೆ ಹಿಡಿದು ಎರಡು ಕೋಣೆ ದಾಟಿ, ಮೂರನೆಯದರಲ್ಲಿ ಸಿಕ್ಕರು. ಅಷ್ಟು ಹೊತ್ತಿಗೆ ಅವರಿಗೆ ಹಠ ಹತ್ತಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು, ನಾನು ಮೆಲ್ಲಗೆ ಕೆಮ್ಮಿದೆ, ಅವರು ಕಿವಿಯ ಯಂತ್ರದ ಸದ್ದನ್ನು ತಗ್ಗಿಸಿಕೊಂಡರು. ಮೂರನೇ ಕೋಣೆಯವನು ಯಾವಾಗ ತಿರುಗ್ತಾನೆ ಅಂತ ಹೇಳಯ್ಯಾ ಅಂತ ಮಾವನನ್ನು ಕೇಳಿದರು.

ಮಾವ ಅದು ಹೇಳೋ ಹಾಗಿಲ್ಲ ಸಾರ್ ಅಂದರು.